ಗಟ್ಟಿ ನೆಲದ ಕೆಳಗೆ ಏನಿದೆ?
ಪದರ ಮಣ್ಣಿನ ಮೇಲೆ ಹಾಕುವ ಪಾಯದ ಬಗ್ಗೆ ಒಂದು ದತ್ತಿ ಉಪನ್ಯಾಸ



ಈ ದತ್ತಿಯ ಉಪನ್ಯಾಸಕ್ಕೆ ಜನಸಾಮಾನ್ಯರಿಗೆ ಉಪಯೋಗವಾಗುವ ತಾಂತ್ರಿಕ ವಿಷಯವೊಂದನ್ನು ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ, ರಾಯಚೂರು ಸೀಮೆಯಲ್ಲಿ ಪಾಯ ತೋಡುವಾಗ ದಿನಾ ಕೇಳಿಬರುವ ಒಂದು ಮಾತನ್ನೇ ಹಿಡಿದುಕೊಂಡೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಮೂರು ಅಡಿ ಇಳಿದಿರುತ್ತಾರೆ. ಗುದ್ದಲಿ ಹಾಕಿದರೆ ಟಣ್ ಎನ್ನುತ್ತದೆ. ಗೌಂಡಿ ಮೇಲಕ್ಕೆ ನೋಡಿ, “ಗುದ್ಲಿ ಇಳಿವಲ್ದು ನೋಡ್ರಿ, ಇದಕಿಂತ ಗಟ್ಟಿ ಇನ್ನೇನ್ ಬೇಕ್ರಿ?” ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನು ಮುಟ್ಟಿದ ಮಣ್ಣು ನಿಜಕ್ಕೂ ಗಟ್ಟಿ. ಆದರೆ ಆ ಗಟ್ಟಿ ಎಷ್ಟು ದಪ್ಪ ಇದೆ, ಅದರ ಕೆಳಗೆ ಏನಿದೆ ಎನ್ನುವುದನ್ನು ಗುದ್ದಲಿ ಹೇಳಲಾರದು. ಮನೆಯ ಭಾರವಂತೂ ಗುದ್ದಲಿ ನಿಂತಲ್ಲಿ ನಿಲ್ಲುವುದಿಲ್ಲ, ಅದು ಇನ್ನೂ ಕೆಳಗೆ ಹೋಗುತ್ತದೆ. ಎಷ್ಟು ಕೆಳಗೆ, ಎಷ್ಟು ಹರಡಿಕೊಂಡು ಹೋಗುತ್ತದೆ ಎನ್ನುವ ಲೆಕ್ಕವೇ ಇವತ್ತಿನ ವಿಷಯ.

ನಮ್ಮ ಕಾಲ ಕೆಳಗಿನ ಪದರಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನ ತಳಪಾಯ ಹಳೆಯ ಗ್ರಾನೈಟ್ ಮತ್ತು ನೈಸ್ ಬಂಡೆ. ಬಂಡೆ ಮೇಲಕ್ಕೆ ಎದ್ದ ಕಡೆ ಪಾಯದ ಚಿಂತೆ ಕಡಿಮೆ. 1294ರಲ್ಲಿ ಕಟ್ಟಿದ ರಾಯಚೂರು ಕೋಟೆಯ ಗೋಡೆಗಳಲ್ಲಿ ಆಳೆತ್ತರಕ್ಕಿಂತ ದೊಡ್ಡ ಕಲ್ಲುಗಳಿವೆ, 41 ಅಡಿ ಉದ್ದದ ಶಾಸನದ ಕಲ್ಲೂ ಇದೆ. ಅಷ್ಟು ಭಾರವನ್ನು ಹೊತ್ತುಕೊಂಡದ್ದು ಬೆಟ್ಟದ ಬಂಡೆ. ಅದೇ ಊರಿನ ತಗ್ಗು ಬಡಾವಣೆಗಳಿಗೆ, ಕೆರೆಯ ಅಂಚಿಗೆ, ಹಳೆಯ ಹಳ್ಳದ ದಾರಿಗೆ ಬಂದರೆ ಕಥೆ ಬೇರೆ. ಅಲ್ಲಿ ಬಂಡೆಗೂ ನಮಗೂ ನಡುವೆ ಗರಸು, ಮರಂ, ಎರೆ, ಯಾರೋ ತಂದು ಸುರಿದ ಭರ್ತಿ ಮಣ್ಣು, ಇವೆಲ್ಲ ಒಂದರ ಮೇಲೊಂದು ಕುಳಿತಿರುತ್ತವೆ.

ದೇವದುರ್ಗದ ಕಡೆ ಮಸಾರಿಯೂ ಇದೆ, ಎರೆಯೂ ಇದೆ, ಕೃಷ್ಣೆಯ ದಂಡೆಯಲ್ಲಿ ನದಿ ತಂದು ಹಾಕಿದ ಮೆಕ್ಕಲೂ ಇದೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಒಣ ಭೂಮಿಯಾಗಿದ್ದ ಎಷ್ಟೋ ಹೊಲ ನೀರು ಕಂಡಿದೆ. ಮಾನ್ವಿ ಅದಕ್ಕಿಂತ ಮುಂಚೆಯೇ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾಯಿತು. ನೀರು ನಿಂತು ನಿಂತು ಸವಳು, ಜವಳು ಆದ ಭೂಮಿಯ ಪರಿಚಯ ಅಲ್ಲಿನ ರೈತರಿಗೆ ಚೆನ್ನಾಗಿಯೇ ಇದೆ. ಪಾಯ ಹಾಕುವವನಿಗೂ ಆ ಪರಿಚಯ ಇರಬೇಕು.

ಏಕೆಂದರೆ ಗಟ್ಟಿ ಮೇಲೆ, ಮೆತ್ತಗಿನದು ಕೆಳಗೆ ಎನ್ನುವ ನೆಲ ಹುಟ್ಟುವುದೇ ಇಂಥ ಕಡೆ. ಕಾಲುವೆ ಬಂದ ಮೇಲೆ ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಕೆಳಗಿನ ಎರೆ ವರ್ಷವಿಡೀ ನೀರು ಕುಡಿದು ಮೆತ್ತಗೇ ಉಳಿಯುತ್ತದೆ. ಮೇಲಿನ ಒಂದೆರಡು ಮೀಟರ್ ಮಾತ್ರ ಮಾರ್ಚ್, ಏಪ್ರಿಲ್, ಮೇ ಬಿಸಿಲಿಗೆ ಒಣಗುತ್ತದೆ. ಜೇಡಿ ಒಣಗುವಾಗ ಕುಗ್ಗಿ, ಕಣಕಣ ಬಿಗಿದುಕೊಂಡು ಕಲ್ಲಿನಂತಾಗುತ್ತದೆ. ಹೀಗೆ ಒಣಗಿ ಬಿಗಿದ ಮೇಲಿನ ಪದರವನ್ನು ಈ ಮಾತಿನುದ್ದಕ್ಕೂ ‘ಹೆಪ್ಪು’ ಎಂದು ಕರೆಯುತ್ತೇನೆ. ಇಂಥ ಹೆಪ್ಪು ಎಲ್ಲ ಕಡೆ ಇರುವುದಿಲ್ಲ. ದಿಬ್ಬದ ಮೇಲೆ ಒಂದೂವರೆ ಮೀಟರಿಗೇ ಎರೆ ಮುಗಿದು ಮರಂ ಸಿಗುತ್ತದೆ. ಅಲ್ಲಿ ಮರಮ್ಮಿಗೆ ಪಾಯ ಇಳಿಸಿದರೆ ಆಯಿತು, ನನ್ನ ಮಾತಿನ ಅಗತ್ಯವೇ ಇಲ್ಲ. ಎರೆ ಆಳವಾಗಿರುವ ಹಳ್ಳದ ಬದಿ, ಗದ್ದೆಯ ತಗ್ಗು, ಕೆರೆಯ ಅಂಗಳ, ಇಲ್ಲಿ ಮಾತ್ರ ಎಚ್ಚರ ಬೇಕು. ಈಗ ಲೇಔಟುಗಳು ಏಳುತ್ತಿರುವುದೂ ಹೆಚ್ಚಾಗಿ ಇಂಥ ಕಡೆಯೇ.

ಭಾರ ಇಳಿಯುವ ದಾರಿ

ಒಂದು ಕಾಲಂ ಹಿಡಿಯೋಣ. ಇದು ಯಾವ ಮನೆಯದೂ ಅಲ್ಲ, ಲೆಕ್ಕಕ್ಕೆಂದು ಇಟ್ಟುಕೊಂಡದ್ದು. ಎರಡಂತಸ್ತಿನ ಮನೆಯ ಒಂದು ನಡು ಕಾಲಂ ಮೇಲೆ 40 ಟನ್ ಬರುತ್ತದೆ ಎನ್ನಿ. ಅದರ ಕೆಳಗೆ 2 ಮೀಟರ್ ಉದ್ದ, 2 ಮೀಟರ್ ಅಗಲದ ಚೌಕ ಫೂಟಿಂಗ್. ತಳದ ವಿಸ್ತೀರ್ಣ 4 ಚದರ ಮೀಟರ್. ಹಾಗಾಗಿ ಫೂಟಿಂಗ್ ತಳದಲ್ಲಿ ಒಂದೊಂದು ಚದರ ಮೀಟರಿಗೆ 10 ಟನ್ ಒತ್ತಡ.

ಕೆಳಗೆ ಹೋದಂತೆ ಈ ಭಾರ ಅಕ್ಕಪಕ್ಕದ ಮಣ್ಣಿಗೂ ಹಂಚಿಕೆಯಾಗುತ್ತದೆ. ಎಂಜಿನಿಯರುಗಳು ಕೈಲೆಕ್ಕಕ್ಕೆ ಬಳಸುವ ಸೂತ್ರ ಬಹಳ ಸರಳ. ಎರಡು ಮೀಟರ್ ಕೆಳಗೆ ಇಳಿದರೆ ಪ್ರತಿ ಬದಿಗೂ ಒಂದು ಮೀಟರ್ ಹರಡಿಕೊಳ್ಳುತ್ತದೆ ಎಂದು ಹಿಡಿಯುವುದು. ಇದನ್ನು ಎರಡಕ್ಕೊಂದರ ಇಳಿಜಾರು ಎನ್ನುತ್ತಾರೆ. ಎಂದರೆ ಎಷ್ಟು ಆಳ ಹೋದಿರೋ ಅಷ್ಟನ್ನೇ ಫೂಟಿಂಗಿನ ಉದ್ದಕ್ಕೂ ಅಗಲಕ್ಕೂ ಕೂಡಿಸಿದರೆ ಆ ಆಳದಲ್ಲಿ ಭಾರ ಹೊರುವ ಚೌಕ ಸಿಗುತ್ತದೆ. ಭಾರವನ್ನು ಆ ವಿಸ್ತೀರ್ಣದಿಂದ ಭಾಗಿಸಿದರೆ ಅಲ್ಲಿನ ಸರಾಸರಿ ಒತ್ತಡ.

ನಮ್ಮ ಫೂಟಿಂಗಿನ ತಳದಿಂದ ಒಂದೂವರೆ ಮೀಟರ್ ಕೆಳಗೆ ಚೌಕದ ಬದಿ ಮೂರೂವರೆ ಮೀಟರ್. ವಿಸ್ತೀರ್ಣ 12.25 ಚದರ ಮೀಟರ್. ಒತ್ತಡ 10 ಟನ್ನಿನಿಂದ 3.3 ಟನ್ನಿಗೆ ಇಳಿಯಿತು. 4 ಮೀಟರ್ ಕೆಳಗೆ, ಅಂದರೆ ಫೂಟಿಂಗಿನ ಅಗಲದ ಎರಡು ಪಟ್ಟು ಆಳದಲ್ಲಿ, 1.1 ಟನ್. ತಳದ ಒತ್ತಡದ ಒಂಬತ್ತನೆಯ ಒಂದು ಪಾಲು. ಸ್ಥಿತಿಸ್ಥಾಪಕ ನೆಲದಲ್ಲಿ ಒತ್ತಡ ಹರಡುವ ಗಣಿತವನ್ನು ಫ್ರಾನ್ಸಿನ ಬೂಸಿನೆಸ್ಕ್ 1885ರಲ್ಲಿ ಬರೆದಿಟ್ಟ. ಆ ಗಣಿತವೂ ಚೌಕ ಫೂಟಿಂಗಿಗೆ ಇದೇ ಮಾತು ಹೇಳುತ್ತದೆ: ಅಗಲದ ಎರಡು ಪಟ್ಟು ಆಳದಲ್ಲಿ ಒತ್ತಡ ಸುಮಾರು ಹತ್ತನೆಯ ಒಂದಕ್ಕೆ ಬರುತ್ತದೆ. ಅಲ್ಲಿಯ ತನಕದ ಮಣ್ಣೆಲ್ಲ ನಿಮ್ಮ ಪಾಯವೇ. ಗೋಡೆಯ ಕೆಳಗಿನ ಉದ್ದನೆಯ ಪಟ್ಟಿ ಪಾಯವಾದರೆ ಭಾರಕ್ಕೆ ಎರಡೇ ದಿಕ್ಕಿಗೆ ಹರಡುವ ಅವಕಾಶ. ಹಾಗಾಗಿ ಅದರ ಪ್ರಭಾವ ಅಗಲದ ಆರು ಪಟ್ಟು ಆಳದವರೆಗೂ ಹೋಗುತ್ತದೆ.

ಈಗ ಪದರಗಳನ್ನು ಸೇರಿಸೋಣ. ಹೆಪ್ಪಿನ ಒಟ್ಟು ದಪ್ಪ ಎರಡೂವರೆ ಮೀಟರ್. ಫೂಟಿಂಗನ್ನು ಒಂದು ಮೀಟರ್ ಆಳದಲ್ಲಿ ಇಟ್ಟಿದ್ದೇವೆ. ಹಾಗಾಗಿ ಅದರ ಕೆಳಗೆ ಒಂದೂವರೆ ಮೀಟರ್ ಹೆಪ್ಪು ಉಳಿದಿದೆ. ಆಮೇಲೆ 3 ಮೀಟರ್ ಮೆತ್ತನೆಯ ಎರೆ, ಅದರ ಕೆಳಗೆ ಮರಂ. ಮೆತ್ತನೆಯ ಜೇಡಿಯ ಕತ್ತರಿ ಬಲ ಚದರ ಮೀಟರಿಗೆ 2 ಟನ್ ಎಂದು ಹಿಡಿದರೆ, ಅದು ಮುರಿಯುವ ಒತ್ತಡ ಸುಮಾರು 12 ಟನ್. ಮೂರರಿಂದ ಭಾಗಿಸಿ ಸುರಕ್ಷಿತ ಮಿತಿ 4 ಟನ್ ಎನ್ನುತ್ತೇವೆ. ಅದರ ತಲೆಯ ಮೇಲೆ ಬರುವುದು 3.3 ಟನ್. ಪಾಸಾಯಿತು. ಆ ಒಂದೂವರೆ ಮೀಟರ್ ಹೆಪ್ಪು ಕೆಸರು ಗದ್ದೆಗೆ ಹಾಸಿದ ಹಲಗೆಯ ಕೆಲಸ ಮಾಡಿದೆ. ಕಾಲಿಟ್ಟರೆ ಹೂತುಹೋಗುವ ಕಡೆ ಹಲಗೆಯ ಮೇಲೆ ಮೂಟೆ ಹೊತ್ತು ನಡೆಯಬಹುದು, ಹಲಗೆ ಮುರಿಯದಿದ್ದರೆ.

ಸಣ್ಣ ಪ್ಲೇಟು ಹೇಳುವ ಅರ್ಧ ಸತ್ಯ

ದೊಡ್ಡ ಕೆಲಸಗಳಲ್ಲಿ ಗುದ್ದಲಿಯ ಮಾತನ್ನು ನಂಬುವುದಿಲ್ಲ, ಪ್ಲೇಟ್ ಲೋಡ್ ಪರೀಕ್ಷೆ ಮಾಡಿಸುತ್ತಾರೆ. ಪಾಯದ ಗುಂಡಿಯ ತಳದಲ್ಲಿ ಒಂದು ಕಬ್ಬಿಣದ ಚೌಕ ಪ್ಲೇಟ್ ಇಟ್ಟು, ಜ್ಯಾಕ್ ಹಾಕಿ ಒತ್ತಿ, ಎಷ್ಟು ಭಾರಕ್ಕೆ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ನೋಡುತ್ತಾರೆ. ಐಎಸ್ 1888 ಇದಕ್ಕೆ 30 ಸೆಂಟಿಮೀಟರಿನಿಂದ 75 ಸೆಂಟಿಮೀಟರ್ ತನಕದ ಪ್ಲೇಟುಗಳನ್ನು ಹೇಳುತ್ತದೆ. ಒಂದೇ ಬಗೆಯ ಮಣ್ಣಿದ್ದರೆ ಪರೀಕ್ಷೆ ಒಳ್ಳೆಯದೇ. ಪದರ ಮಣ್ಣಿನಲ್ಲಿ ಅದು ಮೋಸ ಮಾಡುತ್ತದೆ. ಹೇಗೆಂದು ಅದೇ ಸೂತ್ರದಿಂದ ನೋಡಿ.

30 ಸೆಂಟಿಮೀಟರ್ ಪ್ಲೇಟಿನ ಕೆಳಗೆ 60 ಸೆಂಟಿಮೀಟರ್ ಇಳಿದರೆ ಒತ್ತಡ ಒಂಬತ್ತನೆಯ ಒಂದಾಗುತ್ತದೆ. ಪ್ಲೇಟಿನ ಮಟ್ಟಿಗೆ ಲೋಕ ಅಲ್ಲಿಗೆ ಮುಗಿಯಿತು. ನಮ್ಮ 2 ಮೀಟರ್ ಫೂಟಿಂಗಿನ ಕೆಳಗೆ ಅದೇ 60 ಸೆಂಟಿಮೀಟರಿನಲ್ಲಿ ಇನ್ನೂ ನೂರಕ್ಕೆ 59 ಪಾಲು ಒತ್ತಡ ಉಳಿದಿರುತ್ತದೆ. ಪ್ಲೇಟು ಪರೀಕ್ಷಿಸಿದ್ದು ಹೆಪ್ಪನ್ನು ಮಾತ್ರ. ಒಂದೂವರೆ ಮೀಟರ್ ಕೆಳಗಿನ ಮೆತ್ತನೆಯ ಎರೆಯ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ಬೇಸಿಗೆಯ ಹೆಪ್ಪಿನ ಮೇಲೆ ಅದು ಎಸ್‌ಬಿಸಿ 20 ಟನ್ ಎಂದು ವರದಿ ಕೊಟ್ಟರೆ ಆಶ್ಚರ್ಯವಿಲ್ಲ. ಆ ವರದಿ ನಂಬಿ, ಖರ್ಚು ಉಳಿಯಿತೆಂದು ಫೂಟಿಂಗನ್ನು 1.4 ಮೀಟರಿಗೆ ಕುಗ್ಗಿಸಿದರೆ ಎರೆಯ ತಲೆಯ ಮೇಲೆ 4.8 ಟನ್ ಬೀಳುತ್ತದೆ. ಸುರಕ್ಷಿತ ಮಿತಿ ದಾಟಿತು. ಹೆಪ್ಪಿಗೆ ಏನೂ ಆಗಿಲ್ಲ, ಕೆಳಗಿನದು ಬಳಲುತ್ತಿದೆ.

ಈ ಮೋಸ ಬಯಲಾದ ಪ್ರಸಿದ್ಧ ಪ್ರಸಂಗ ಕೆನಡಾದ ವಿನ್ನಿಪೆಗ್ ಪಕ್ಕದ ಟ್ರಾನ್ಸ್‌ಕೋನದಲ್ಲಿ ನಡೆಯಿತು. ರೈಲು ಕಂಪನಿಯೊಂದು ಹತ್ತು ಲಕ್ಷ ಬುಶೆಲ್ ಧಾನ್ಯ ಹಿಡಿಯುವ ಕಾಂಕ್ರೀಟ್ ಕಣಜ ಕಟ್ಟಿಸಿತ್ತು. ಕಣಜಗಳ ಗುಂಪಿಗೆಲ್ಲ ಒಂದೇ ರಾಫ್ಟ್ ಪಾಯ, ಸುಮಾರು 23.5 ಮೀಟರ್ ಅಗಲ, 59.5 ಮೀಟರ್ ಉದ್ದ. ಗುಂಡಿಯ ತಳದಲ್ಲಿ ಸಣ್ಣ ಹಲಗೆಯ ಮೇಲೆ ಭಾರ ಹಾಕಿ ಮಣ್ಣು ಪರೀಕ್ಷಿಸಿದ್ದರು. ಫಲಿತಾಂಶ ಚೆನ್ನಾಗಿಯೇ ಇತ್ತು. 1913ರ ಸೆಪ್ಟೆಂಬರಿನಲ್ಲಿ ಧಾನ್ಯ ತುಂಬಲು ಶುರು ಮಾಡಿದರು. ಅಕ್ಟೋಬರ್ 18ರಂದು, ಸುಮಾರು 8,75,000 ಬುಶೆಲ್ ತುಂಬಿದ್ದಾಗ, ಕಣಜ ಒಂದು ಗಂಟೆಯೊಳಗೆ ಒಂದಡಿ ಇಳಿಯಿತು. ಆಮೇಲೆ ಒಂದು ಕಡೆಗೆ ವಾಲತೊಡಗಿ, ಒಂದು ದಿನದಲ್ಲಿ ಸುಮಾರು 27 ಡಿಗ್ರಿ ಓರೆಯಾಗಿ ನಿಂತಿತು. ಕಾಂಕ್ರೀಟು ಒಡೆಯಲಿಲ್ಲ, ಕೆಳಗಿನ ನೆಲ ಜಾರಿತು. ಮುಂದೆ ಅದನ್ನು ಎತ್ತಿ ನೆಟ್ಟಗೆ ಮಾಡಿ, ಬಂಡೆಯ ತನಕ ಕಂಬ ಇಳಿಸಿ ಬಳಕೆಗೆ ತಂದರು. ಕಾರಣ ಖಚಿತವಾದದ್ದು 1951ರಲ್ಲಿ ಬೋರ್ ಹಾಕಿ ನೋಡಿದಾಗ. ಮೇಲೆ ಗಟ್ಟಿ ಜೇಡಿ, ಕೆಳಗೆ ಅದಕ್ಕಿಂತ ಮೆತ್ತನೆಯ ಜೇಡಿ. ಸಣ್ಣ ಹಲಗೆ ಮೇಲಿನದನ್ನು ಮಾತ್ರ ಮಾತನಾಡಿಸಿತ್ತು. 23 ಮೀಟರ್ ಅಗಲದ ರಾಫ್ಟು ಎರಡನ್ನೂ ಒತ್ತಿತು.

ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಭತ್ತದ ಗೋದಾಮು ಕಟ್ಟಿಸುವವರು ಈ ಕಥೆಯನ್ನು ನೆನಪಿಡಬೇಕು. ಮನೆಯ ಕಾಲಂ ನಾಲ್ಕು ಮೀಟರಿನ ತನಕ ಮಣ್ಣನ್ನು ಕೇಳುತ್ತದೆ. 15 ಮೀಟರ್ ಅಗಲದ ಗೋದಾಮಿನ ತುಂಬ ಚೀಲ ಒಟ್ಟಿದರೆ ಆ ಭಾರ ಸುಲಭಕ್ಕೆ ಕರಗುವುದಿಲ್ಲ, ಮರಮ್ಮಿನ ತನಕದ ಎರೆಯನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ಬಲದಿಂದ ಒತ್ತುತ್ತದೆ.

ಆಳಕ್ಕೆ ಹೋದಷ್ಟೂ ಒಳ್ಳೆಯದೆ?

“ಇನ್ನೊಂದ್ ಮೂರಡಿ ಇಳಿಸ್ರಿ, ಮನಿ ಭದ್ರ ಆಗ್ತದ” ಎನ್ನುವುದು ಮನೆಯ ಹಿರಿಯರ ಮಾತು. ಕೆಳಗೆ ಹೋದಂತೆ ಮಣ್ಣು ಗಟ್ಟಿಯಾಗುವ ಕಡೆ ಆ ಮಾತು ನೂರಕ್ಕೆ ನೂರು ಸರಿ. ಹೆಪ್ಪಿನ ನೆಲದಲ್ಲಿ ಅದೇ ಮಾತು ತಿರುಗುಬಾಣವಾಗುತ್ತದೆ. ನಮ್ಮ ಉದಾಹರಣೆಯ ಫೂಟಿಂಗನ್ನು ಒಂದು ಮೀಟರಿನ ಬದಲು ಎರಡು ಮೀಟರಿಗೆ ಇಳಿಸಿ. ಕೆಳಗೆ ಉಳಿಯುವ ಹೆಪ್ಪು ಅರ್ಧ ಮೀಟರ್ ಮಾತ್ರ. ಅಷ್ಟರೊಳಗೆ ಭಾರ ಹರಡಲು ಜಾಗವೇ ಇಲ್ಲ. ಎರೆಯ ತಲೆಯ ಮೇಲೆ 6.4 ಟನ್ ಬೀಳುತ್ತದೆ. ಮೂರು ಪಟ್ಟು ಇರಬೇಕಾದ ಸುರಕ್ಷತೆ ಎರಡು ಪಟ್ಟಿಗೂ ಕಡಿಮೆಯಾಯಿತು. ಹಣ ಕೊಟ್ಟು ಅಗೆಸಿ, ನಮ್ಮ ಹಲಗೆಯನ್ನು ನಾವೇ ತೆಳ್ಳಗೆ ಮಾಡಿಸಿಕೊಂಡಂತೆ. ಹೆಪ್ಪು ಇಷ್ಟು ತೆಳುವಾದಾಗ ಭಾರ ಹರಡುತ್ತದೆ ಎಂಬ ನಂಬಿಕೆಯೂ ಉಳಿಯುವುದಿಲ್ಲ. ಫೂಟಿಂಗು ತನ್ನ ಅಂಚಿನ ಗುಂಟ ಹೆಪ್ಪನ್ನು ಕತ್ತರಿಸಿಕೊಂಡು ಒಳಗೆ ತೂರಬಹುದು. ಎಂಜಿನಿಯರುಗಳು ಇದಕ್ಕೆ ಪಂಚಿಂಗ್ ಎನ್ನುತ್ತಾರೆ. ಇಂಥ ಎರಡು ಪದರದ ನೆಲದಲ್ಲಿ ಪಂಚಿಂಗಿನ ಲೆಕ್ಕವನ್ನು ಮೆಯರ್‌ಹಾಫ್ ಮತ್ತು ಹನ್ನಾ 1978ರಲ್ಲಿ ಕೊಟ್ಟರು.

ಮುರಿಯುವುದಕ್ಕಿಂತ ಹೆಚ್ಚು ಸಲ ನಮ್ಮ ಮನೆಗಳನ್ನು ಕಾಡುವುದು ಇಳಿತ, ಅದರಲ್ಲೂ ಒಂದೊಂದು ಕಡೆ ಒಂದೊಂದು ಬಗೆಯ ಇಳಿತ. ಚದರ ಮೀಟರಿಗೆ ಒಂದು ಟನ್ ಒತ್ತಡ ಹೆಚ್ಚಾದರೆ ಈ ಮೆತ್ತನೆಯ ಎರೆ ಮೀಟರ್ ದಪ್ಪಕ್ಕೆ 6 ಮಿಲಿಮೀಟರ್ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಫೂಟಿಂಗಿನ ಕೆಳಗಿನ 3 ಮೀಟರ್ ಎರೆಯ ನಟ್ಟನಡುವೆ ಒತ್ತಡ 1.6 ಟನ್. ಆರನ್ನು 1.6ರಿಂದ, ಮತ್ತೆ ಮೂರರಿಂದ ಗುಣಿಸಿದರೆ ಸುಮಾರು 29 ಮಿಲಿಮೀಟರ್. ಇದು ಒಂದೇ ದಿನಕ್ಕೆ ಆಗುವುದಲ್ಲ. ಜೇಡಿಯೊಳಗಿನ ನೀರು ಹಿಂಡಿಕೊಂಡು ಹೊರಬೀಳುತ್ತ ವರ್ಷಗಟ್ಟಲೆ ನಡೆಯುವ ಇಳಿತ. ಇಂಥ ನೆಲದಲ್ಲಿ ಆರ್‌ಸಿಸಿ ಕಟ್ಟಡದ ಬಿಡಿ ಫೂಟಿಂಗಿಗೆ ಐಎಸ್ 1904 ಒಟ್ಟು 75 ಮಿಲಿಮೀಟರ್ ತನಕ ಒಪ್ಪುತ್ತದೆ. ಎಲ್ಲ ಕಾಲಮ್ಮುಗಳೂ 29 ಮಿಲಿಮೀಟರ್ ಇಳಿದರೆ ಮನೆಗೆ ಏನೂ ಆಗುವುದಿಲ್ಲ.

ಈಗ ಅದೇ ಮನೆಯ ಇನ್ನೊಂದು ಕಾಲಂ, 4 ಮೀಟರ್ ಆಚೆ. ಅಲ್ಲಿ ಹಿಂದೆ ಒಂದು ಕಾಲುವೆ ಹಾದಿತ್ತು, ಹಾಗಾಗಿ ಹೆಪ್ಪು ತೆಳು. ಫೂಟಿಂಗಿನ ಕೆಳಗೆ ಅರ್ಧ ಮೀಟರ್ ಹೆಪ್ಪು, ಆಮೇಲೆ 4 ಮೀಟರ್ ಎರೆ. ಅದೇ ಲೆಕ್ಕ ಹಾಕಿದರೆ ಇಳಿತ 47 ಮಿಲಿಮೀಟರ್. ಇದೂ 75ರ ಒಳಗೇ ಇದೆ. ಆದರೆ ಎರಡು ಕಾಲಮ್ಮುಗಳ ನಡುವಿನ ವ್ಯತ್ಯಾಸ 18 ಮಿಲಿಮೀಟರ್. ಅದೇ ಐಎಸ್ 1904 ಪ್ರಕಾರ 4 ಮೀಟರಿಗೆ ಒಪ್ಪಬಹುದಾದ ವ್ಯತ್ಯಾಸ ಕೇವಲ 6 ಮಿಲಿಮೀಟರ್. ಅದರ ಮೂರು ಪಟ್ಟಾಯಿತು. ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಡುತ್ತದೆ. ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ. ಸಿಮೆಂಟು ಕಳಪೆ ಎಂದು ಗುತ್ತಿಗೆದಾರನನ್ನು ಬೈಯುತ್ತೇವೆ. ತಪ್ಪು ಸಿಮೆಂಟಿನಲ್ಲಿಲ್ಲ, ಹೆಪ್ಪಿನ ದಪ್ಪ ಎಲ್ಲ ಕಡೆ ಒಂದೇ ಎಂದುಕೊಂಡದ್ದರಲ್ಲಿದೆ.

ಬಿರುಕನ್ನು ಗುರುತಿಸುವುದಕ್ಕೂ ದಾರಿ ಇದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಎರೆಯ ಉಬ್ಬು ತಗ್ಗಿನದು. ಋತು ನೋಡದೆ ವರ್ಷದಿಂದ ವರ್ಷಕ್ಕೆ ಬರೀ ಅಗಲವಾಗುತ್ತಲೇ ಹೋಗುವುದು ಕೆಳಗಿನ ಜೇಡಿಯ ಇಳಿತದ್ದು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಟ್ಟು, ಎರಡೂ ಹಂಗಾಮಿನಲ್ಲಿ ಅಳೆದರೆ ಗೊತ್ತಾಗುತ್ತದೆ.

ಕೈಯಿಂದ ಮಾಡಿದ ಹೆಪ್ಪು

ಹೆಪ್ಪು ಇಲ್ಲದ ಕಡೆ ನಾವೇ ಅದನ್ನು ಮಾಡುತ್ತೇವೆ. ಎರೆ ತೆಗೆದು ಮರಂ ತುಂಬಿ ಅದರ ಮೇಲೆ ಫೂಟಿಂಗ್ ಇಡುವುದು ನಮ್ಮಲ್ಲಿ ರೂಢಿ. ರೂಢಿ ಒಳ್ಳೆಯದು, ಮಾಡುವ ರೀತಿಯಲ್ಲಿ ಎರಡು ತಪ್ಪು ನಡೆಯುತ್ತವೆ.

ಮೊದಲನೆಯದು ಅಗಲದ ತಪ್ಪು. ಜೆಸಿಬಿಯಿಂದ ಫೂಟಿಂಗಿನ ಅಳತೆಗೇ ಗುಂಡಿ ತೋಡಿ, ಅಷ್ಟಕ್ಕೇ ಮರಂ ತುಂಬುತ್ತಾರೆ. ಭಾರ ಹರಡಬೇಕಾದದ್ದು ಮರಮ್ಮಿನಲ್ಲಿ. ಪಕ್ಕದಲ್ಲಿ ಮರಮ್ಮೇ ಇಲ್ಲದಿದ್ದರೆ ಹರಡುವುದೆಲ್ಲಿ? ಒಂದು ಮೀಟರ್ ದಪ್ಪದ ಮರಂ ಹಾಸಿಗೆ ಫೂಟಿಂಗಿಗಿಂತ ಪ್ರತಿ ಬದಿಗೂ ಕನಿಷ್ಠ ಅರ್ಧ ಮೀಟರ್ ಆಚೆ ಚಾಚಿರಬೇಕು. ಮರಮ್ಮನ್ನು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಹದವಾಗಿ ನೀರು ಕೊಟ್ಟು, ಒಂದೊಂದು ಪದರವನ್ನೂ ರೋಲರಿನಿಂದ ಬಿಗಿಯಬೇಕು. ಟ್ರ್ಯಾಕ್ಟರಿನಿಂದ ಒಂದೇ ಸಲ ಸುರಿದು ಮೇಲೆ ನೀರು ಬಿಟ್ಟರೆ ಅದು ಹೆಪ್ಪಾಗುವುದಿಲ್ಲ. ಮರಳು ಅಥವಾ ಬರೀ ಕಲ್ಲುಪುಡಿಯನ್ನು ಎರೆಯೊಳಗೆ ತುಂಬುವುದೂ ಬೇಡ. ಅದು ನೀರಿನ ತೊಟ್ಟಿಯಾಗಿ ಸುತ್ತಲ ಎರೆಗೆ ವರ್ಷವಿಡೀ ನೀರು ಕುಡಿಸುತ್ತದೆ. ಸ್ವಲ್ಪ ಅಂಟಿರುವ, ಆದರೆ ಉಬ್ಬದ ಮಣ್ಣೇ ಎರೆಯ ಮೇಲೆ ಸರಿ ಎನ್ನುವುದನ್ನು ಐಐಟಿ ಬಾಂಬೆಯ ಆರ್. ಕೆ. ಕಟ್ಟಿಯವರು ತಮ್ಮ ಸಂಶೋಧನೆಯಿಂದ ತೋರಿಸಿದರು. ಎರೆ ಸೀಮೆಯ ಕಾಲುವೆಗಳ ಲೈನಿಂಗಿನ ಕೆಳಗೆ ಹಾಸುವ ಸಿಎನ್‌ಎಸ್ ಪದರ ಅವರ ಕೊಡುಗೆ.

ಎರಡನೆಯ ತಪ್ಪು ದೊಡ್ಡದು, ಕಣ್ಣಿಗೆ ಬೀಳದ್ದು. ಗದ್ದೆಯನ್ನು ಲೇಔಟ್ ಮಾಡುವಾಗ ರಸ್ತೆಯ ಮಟ್ಟಕ್ಕೆ ತರಲು ಇಡೀ ಜಮೀನಿಗೆ ಒಂದು ಮೀಟರ್ ಮಣ್ಣು ಹೇರುತ್ತಾರೆ. ಒಂದು ಮೀಟರ್ ದಪ್ಪದ ಬಿಗಿದ ಮಣ್ಣಿನ ತೂಕ ಚದರ ಮೀಟರಿಗೆ ಸುಮಾರು 1.8 ಟನ್. ಕಾಲಮ್ಮಿನ ಭಾರ ಆಳಕ್ಕೆ ಹೋದಂತೆ ಹರಡಿ ಕರಗುತ್ತದೆ. ಎಕರೆಗಟ್ಟಲೆ ಹರವಿದ ಮಣ್ಣಿನ ಭಾರ ಎಲ್ಲಿಗೆ ಹರಡೀತು? ಪಕ್ಕದಲ್ಲೂ ಅದೇ ಭಾರ ಇದೆ. ಹಾಗಾಗಿ ಎಷ್ಟೇ ಆಳಕ್ಕೆ ಹೋದರೂ ಅದು 1.8 ಟನ್ನಾಗಿಯೇ ಉಳಿಯುತ್ತದೆ. ನಮ್ಮ ಎರಡಂತಸ್ತಿನ ಮನೆಯ ಕಾಲಂ ಎರೆಯ ನಡುವೆ ಹೇರಿದ್ದು 1.6 ಟನ್. ಮನೆಗಿಂತ ಅಂಗಳದ ಮಣ್ಣೇ ಭಾರವಾಯಿತು! ಅದೇ 3 ಮೀಟರ್ ಎರೆ ಈ ಮಣ್ಣಿಗೇ 32 ಮಿಲಿಮೀಟರ್ ಇಳಿಯುತ್ತದೆ. ಮಣ್ಣು ಹಾಕಿದ ತಿಂಗಳಲ್ಲೇ ಮನೆ ಕಟ್ಟಿದರೆ ಆ ಇಳಿತವನ್ನೂ ಮನೆಯೇ ಅನುಭವಿಸುತ್ತದೆ. ತುಂಬಿದ ಮಣ್ಣನ್ನು ಒಂದೆರಡು ಮಳೆಗಾಲ ಬಿಟ್ಟು, ಮಟ್ಟ ಅಳೆಯುತ್ತ ಇದ್ದು, ಇಳಿತ ನಿಧಾನವಾದ ಮೇಲೆ ಪಾಯ ತೋಡಿದರೆ ಆ ಪಾಲಿನ ಬಹುಭಾಗ ಮೊದಲೇ ಮುಗಿದಿರುತ್ತದೆ.

ಲೆಕ್ಕದ ಮಿತಿ, ಹೆಪ್ಪಿನ ಮಿತಿ

ಎರಡಕ್ಕೊಂದರ ಸೂತ್ರ ಸರಾಸರಿ ಹೇಳುತ್ತದೆ. ಫೂಟಿಂಗಿನ ನಟ್ಟನಡುವಿನ ಗೆರೆಯಲ್ಲಿ ಒತ್ತಡ ಅದಕ್ಕಿಂತ ಹೆಚ್ಚು. ನಮ್ಮ ಉದಾಹರಣೆಯ ಒಂದೂವರೆ ಮೀಟರ್ ಆಳದಲ್ಲಿ ಬೂಸಿನೆಸ್ಕ್ ಗಣಿತದಂತೆ ನಡುವೆ ಸುಮಾರು 5 ಟನ್ ಬರುತ್ತದೆ, 3.3 ಅಲ್ಲ. ಇದಕ್ಕೆ ಎದುರಾಗಿ, ಮೇಲಿನ ಪದರ ಕೆಳಗಿನದಕ್ಕಿಂತ ಬಹಳ ಬಿರುಸಾಗಿದ್ದರೆ ಭಾರವನ್ನು ಇನ್ನೂ ಅಗಲವಾಗಿ ಹರಡುತ್ತದೆ ಎಂದು ಅಮೆರಿಕದ ಬರ್ಮಿಸ್ಟರ್ 1943ರಲ್ಲಿ ತೋರಿಸಿದ. ರಸ್ತೆ, ರನ್‌ವೇಗಳ ವಿನ್ಯಾಸಕ್ಕೆ ಅದು ಆಧಾರ. ಎರೆಯ ಹೆಪ್ಪಿನ ಮೇಲೆ ಮನೆ ಕಟ್ಟುವಾಗ ಈ ಎರಡನೆಯ ಲಾಭವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರಣ ನಮ್ಮ ಹೆಪ್ಪಿನಲ್ಲೇ ಇದೆ.

ನಮ್ಮ ಹೆಪ್ಪು ಹಂಗಾಮಿನದು. ಮೇ ತಿಂಗಳಲ್ಲಿ ಅದರಲ್ಲಿ ಕೈ ಹೋಗುವಷ್ಟು ಬಿರುಕುಗಳಿರುತ್ತವೆ. ಬಿರುಕಿದ್ದ ಮೇಲೆ ಅದು ಒಂದೇ ಹಲಗೆಯಲ್ಲ, ಬಿಡಿ ಬಿಡಿ ತುಂಡು. ಮಳೆ ಬಂದು ಕಾಲುವೆಗೆ ನೀರು ಬಿಟ್ಟ ಮೇಲೆ ಅದೇ ಹೆಪ್ಪು ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಇಲ್ಲಿ ನಿಜವಾದ ಇಕ್ಕಟ್ಟು ಇದೆ. ಪಾಯ ಮೇಲೆ ಇಟ್ಟರೆ ಕೆಳಗೆ ಹೆಪ್ಪು ಉಳಿಯುತ್ತದೆ, ಆದರೆ ಪಾಯ ಉಬ್ಬಿ ತಗ್ಗುವ ಮಣ್ಣಿನಲ್ಲಿ ಕೂತಿರುತ್ತದೆ. ಆಳಕ್ಕೆ ಇಳಿಸಿದರೆ ಉಬ್ಬು ಕಡಿಮೆ, ಆದರೆ ಮೆತ್ತನೆಯ ಎರೆ ಹತ್ತಿರ. ಇದಕ್ಕೆ ಅರ್ಧ ದಾರಿಯ ಪರಿಹಾರ ಇಲ್ಲ. ಮರಂ ಎರಡು, ಎರಡೂವರೆ ಮೀಟರಿನೊಳಗೆ ಸಿಕ್ಕರೆ ಹೆಪ್ಪನ್ನು ಮರೆತು ಮರಮ್ಮಿನ ಮೇಲೇ ಕೂರಬೇಕು. ಅದಕ್ಕಿಂತ ಆಳವಾದರೆ ರೂರ್ಕಿಯ ಸಿಬಿಆರ್‌ಐ ರೂಢಿಗೆ ತಂದ ಅಂಡರ್‌ರೀಮ್ಡ್ ಪೈಲ್ ಇದೆ. ಅದು ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿದ ಕಾಂಕ್ರೀಟ್ ಕಂಬ. ಎರೆ ಎಂದರೆ ಮೂರೂವರೆ ಮೀಟರ್ ಪೈಲ್ ಎಂದು ಕಣ್ಣು ಮುಚ್ಚಿ ಹಾಕುವವರಿದ್ದಾರೆ. ಮೂರೂವರೆ ಮೀಟರಿನಲ್ಲಿ ಮೆತ್ತನೆಯ ಜೇಡಿಯೇ ಇದ್ದರೆ ಪೈಲಿನ ಬುಡ ಸರಿಯಾಗಿ ಕೆಟ್ಟ ಪದರದಲ್ಲೇ ನಿಂತಂತಾಯಿತು. ಬುಡ ಮರಂ ಮುಟ್ಟಬೇಕು. ಹೆಪ್ಪಿನ ಮೇಲೆಯೇ ಕೂರುವುದು ಅನಿವಾರ್ಯವಾದ ಹಗುರ ಕಟ್ಟಡವಾದರೆ, ಹೆಪ್ಪಿನ ಬಲವನ್ನು ನೆನೆದ ಸ್ಥಿತಿಯಲ್ಲಿ ಅಳೆದು ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಏನು ಕೇಳಬೇಕು

ಇದಕ್ಕೆಲ್ಲ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮೂರು ನಾಲ್ಕು ಇಂಚಿನ ಕೈ ಆಗರ್ ಎರಡು ಆಳು ಸೇರಿದರೆ ಎರೆಯಲ್ಲಿ ಐದಾರು ಮೀಟರ್ ಇಳಿಯುತ್ತದೆ. ಅರ್ಧರ್ಧ ಮೀಟರಿಗೆ ಬಂದ ಮಣ್ಣನ್ನು ಸಾಲಾಗಿ ಇಟ್ಟು ಹೆಬ್ಬೆರಳಿಂದ ಒತ್ತಿ. ಹೆಬ್ಬೆರಳು ಬರೀ ಗುರುತು ಮೂಡಿಸಿದರೆ ಅದು ಬಿರುಸು ಜೇಡಿ. ಬೆರಳಲ್ಲಿ ಸಲೀಸಾಗಿ ಉಂಡೆ ಕಟ್ಟಿದರೆ ಮೆತ್ತನೆಯದು. ಮುಷ್ಟಿ ಬಿಗಿದಾಗ ಬೆರಳ ಸಂದಿಯಿಂದ ಹೊರಬಂದರೆ ಅದು ಇನ್ನೂ ಮೆತ್ತಗೆ. ಮೇಲಿನಿಂದ ಕೆಳಕ್ಕೆ ಮಣ್ಣು ಗಟ್ಟಿಯಿಂದ ಮೆತ್ತಗಾಗುತ್ತ ಹೋದರೆ ಅಲ್ಲಿಗೇ ನಿಲ್ಲಿಸಿ, ಎಸ್‌ಪಿಟಿ ಮಾಡುವ ಬೋರ್ ಹಾಕಿಸಿ. ಮೆತ್ತನೆಯ ಜೇಡಿಯಲ್ಲಿ ಎಸ್‌ಪಿಟಿ ಅಂಕ 2ರಿಂದ 4ರೊಳಗೆ ಬರುತ್ತದೆ. ಮೇಲಿನ ಅಂಕ 15, ಕೆಳಗಿನದು 3 ಎಂದು ಬಂದರೆ ನೀವು ಹೆಪ್ಪಿನ ಮೇಲೆ ನಿಂತಿದ್ದೀರಿ ಎಂದರ್ಥ.

ಮನೆ ಕಟ್ಟಿಸುವವರಿಗೆ ನನ್ನ ವಿನಂತಿ ಇಷ್ಟೇ. ಎಸ್‌ಬಿಸಿ ಎಷ್ಟು ಎಂದು ಒಂದೇ ಅಂಕಿ ಕೇಳಿ ಸುಮ್ಮನಾಗಬೇಡಿ. ಆ ಅಂಕಿ ಯಾವ ಆಳದ್ದು, ಯಾವ ತಿಂಗಳಲ್ಲಿ ತೆಗೆದದ್ದು, ಫೂಟಿಂಗಿನ ಅಗಲದ ಎರಡು ಪಟ್ಟು ಆಳದ ತನಕ ಮಣ್ಣು ನೋಡಿದ್ದೀರಾ, ಎಂದು ಕೇಳಿ. ನಿವೇಶನದ ಒಂದು ಮೂಲೆಯಲ್ಲಿ ಮಾತ್ರವಲ್ಲ, ಎದುರು ಮೂಲೆಯಲ್ಲೂ ಬೋರ್ ಹಾಕಿಸಿ. ಲೇಔಟ್ ಮಾಡುವವರು ಮಣ್ಣು ಹೇರಿದ ದಿನಾಂಕ ಮತ್ತು ದಪ್ಪವನ್ನು ನಿವೇಶನ ಕೊಳ್ಳುವವರಿಗೆ ಬರೆದುಕೊಡಲಿ. ಅನುಮತಿ ಕೊಡುವ ಸ್ಥಳೀಯ ಸಂಸ್ಥೆಗಳು ಗದ್ದೆ, ಹಳ್ಳ, ಕೆರೆ ಅಂಗಳದ ಜಾಗಗಳಿಗೆ ನಕ್ಷೆಯ ಜೊತೆ ಬೋರ್ ವರದಿಯನ್ನೂ ಕಡ್ಡಾಯ ಮಾಡಲಿ. ಎರಡು ಬೋರಿನ ಖರ್ಚು, ವಾಲಿದ ಕಾಲಮ್ಮಿನ ಕೆಳಗೆ ಮತ್ತೆ ಪಾಯ ಇಳಿಸುವ ಖರ್ಚಿನ ಮುಂದೆ ಏನೂ ಅಲ್ಲ.